ಮೇಲ್ನೋಟಕ್ಕೆ ಗೆದ್ದ ಕೇಸು

2014ರಲ್ಲಿ ಒಂದು ಮಧ್ಯಾಹ್ನ ಆಫೀಸಿನಲ್ಲಿ ಊಟ ಮಾಡುತ್ತಿದ್ದಾಗ ನಮ್ಮ ವಕೀಲರು ವಾಟ್ಸಾಪ್‌ನಲ್ಲಿ ಹದಿನಾಲ್ಕು ಪುಟದ ಒಂದು ಆದೇಶ ಕಳಿಸಿದರು. ಅದರ ಹಿಂದೆಯೇ ಅಪ್ಪನ ಫೋನು. "ಏನ್ ಬರ್ದವ್ರೆ ನೋಡ್ಲಾ, ಇಂಗ್ಲಿಷಲ್ಲೈತೆ" ಅಂದರು. ನಾನು ಬಿಇ ಓದಿದವನು, ಇಂಗ್ಲಿಷ್ ಬರುತ್ತೆ ಅನ್ನೋದು ಊರಿಗೆಲ್ಲ ಗೊತ್ತು. ತುತ್ತು ಕೆಳಗಿಟ್ಟು ಕೊನೆಯ ಎರಡು ಪುಟ ನೋಡಿದೆ. ವಾದಿಯು ಪ್ರೈಮಾ ಫೇಸೀ ಕೇಸ್ ತೋರಿಸಿದ್ದಾರೆ, ಆದ್ದರಿಂದ ತಾತ್ಕಾಲಿಕ ತಡೆಯಾಜ್ಞೆ ಕೊಡಲಾಗಿದೆ ಅಂತಿತ್ತು. ವಾದಿ ಅಂದ್ರೆ ಅಪ್ಪ. ಪ್ರೈಮಾ ಫೇಸೀ ಅಂದ್ರೆ ಮೇಲ್ನೋಟಕ್ಕೆ, ದಿನಾ ಪೇಪರಲ್ಲಿ ಬರುತ್ತಲ್ಲ. "ಅಪ್ಪ, ಮೇಲ್ನೋಟಕ್ಕೆ ಕೇಸು ನಮ್ದೇ ಅಂತ ಕೋರ್ಟ್ ಹೇಳಿದೆ" ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಗೆದ್ದಂಗೇ ಬಿಡು ಹಂಗಾದ್ರೆ" ಅಂದರು.

ಆ ಅನುವಾದ ತಪ್ಪು ಅಂತ ನನಗೆ ತಿಳಿದದ್ದು ಐದು ವರ್ಷ ಆದ ಮೇಲೆ. ಕಾನೂನಿನ ಕಾಗದಗಳಲ್ಲಿ ಬರುವ ಎರಡು ಲ್ಯಾಟಿನ್ ಮಾತುಗಳ ಮೇಲೆ, ಅವನ್ನು ನಾವು ಕನ್ನಡಕ್ಕೆ ತಂದಿರುವ ರೀತಿಯ ಮೇಲೆ ನನ್ನ ತಕರಾರು ಏನು ಅಂತ ಹೇಳೋಕೆ ಈ ಬರಹ.

ಮೊದಲು ಕೇಸು ಏನು ಅಂತ ಹೇಳಿಬಿಡ್ತೀನಿ. ನಮ್ಮ ಮನೆ ಪಕ್ಕ ನಲವತ್ತಕ್ಕೆ ಅರವತ್ತು ಅಡಿ ಜಾಗ ಒಂದಿತ್ತು. ಅದರ ಮಾಲೀಕರು ಊರು ಬಿಟ್ಟು ಬಹಳ ವರ್ಷ ಆಗಿತ್ತು. ಅಪ್ಪ ವರ್ಷಕ್ಕೆ 1,500 ರೂಪಾಯಿ ಬಾಡಿಗೆ ಕೊಟ್ಟು ಅಲ್ಲಿ ದನದ ಕೊಟ್ಟಿಗೆ ಹಾಕಿದ್ದರು, ಹುಲ್ಲಿನ ಬಣವೆ ಒಟ್ಟುತ್ತಿದ್ದರು. 2013ರಲ್ಲಿ ಮಾಲೀಕರು ಐದು ಲಕ್ಷಕ್ಕೆ ಆ ಜಾಗ ಕೊಡ್ತೀನಿ ಅಂತ ಕರಾರು ಬರೆದುಕೊಟ್ಟರು. ಒಂದೂವರೆ ಲಕ್ಷ ಮುಂಗಡ, ಬಾಕಿ ಮೂರೂವರೆ ಲಕ್ಷ ಕೊಟ್ಟ ದಿನ ಕ್ರಯಪತ್ರ. ಕರಾರು ನೋಂದಣಿ ಆಗಿರಲಿಲ್ಲ. ಅಪ್ಪ ಬಾಕಿ ದುಡ್ಡು ಬ್ಯಾಂಕಲ್ಲಿಟ್ಟುಕೊಂಡು ಕಾದರು. ಮಾಲೀಕರು ಇವತ್ತು ನಾಳೆ ಅನ್ನುತ್ತ ಕಾಲ ತಳ್ಳಿ, ಮುಂದಿನ ವರ್ಷ ಪೇಟೆಯವರೊಬ್ಬರಿಗೆ ಹೆಚ್ಚು ಬೆಲೆಗೆ ಅದೇ ಜಾಗವನ್ನು ನೋಂದಣಿ ಮಾಡಿಸಿ ಮಾರಿಬಿಟ್ಟರು. ಕರಾರಿನಂತೆ ನನಗೇ ಕ್ರಯ ಮಾಡಿಸಿಕೊಡಿ ಅಂತ ಅಪ್ಪ ಇಬ್ಬರ ಮೇಲೂ ದಾವೆ ಹಾಕಿದರು. ದಾವೆ ಮುಗಿಯುವವರೆಗೆ ಅಲ್ಲಿ ಕಟ್ಟಡ ಕಟ್ಟಬಾರದು, ಮತ್ತೊಬ್ಬರಿಗೆ ಮಾರಬಾರದು ಅಂತ ಜತೆಗೊಂದು ಮಧ್ಯಂತರ ಅರ್ಜಿ ಕೊಟ್ಟರು. ನನಗೆ ವಾಟ್ಸಾಪ್‌ನಲ್ಲಿ ಬಂದದ್ದು ಆ ಅರ್ಜಿಯ ಆದೇಶ.

ಇಂಥ ಅರ್ಜಿ ಬಂದಾಗ ನ್ಯಾಯಾಧೀಶರು ಮೂರು ವಿಷಯ ನೋಡುತ್ತಾರೆ. ಒಂದು, ಪ್ರೈಮಾ ಫೇಸೀ ಕೇಸ್ ಇದೆಯೇ? ಎರಡು, ತಡೆ ಕೊಟ್ಟರೆ ಎದುರಾಳಿಗಾಗುವ ತೊಂದರೆ ಹೆಚ್ಚೋ, ಕೊಡದಿದ್ದರೆ ಅರ್ಜಿದಾರನಿಗಾಗುವ ತೊಂದರೆ ಹೆಚ್ಚೋ? ಮೂರು, ತಡೆ ಕೊಡದೆ ಹೋದರೆ ಆಮೇಲೆ ದುಡ್ಡಿನಿಂದ ಸರಿಮಾಡಲಾಗದ ನಷ್ಟ ಆಗುತ್ತದೆಯೇ? ಈ ಮೂರರಲ್ಲಿ ಮೊದಲನೆಯದೇ ನಾನು ಎಡವಿದ ಕಲ್ಲು.

ಪ್ರೈಮಾ ಅಂದರೆ ಮೊದಲ, ಫೇಸೀ ಅಂದರೆ ಮುಖದಲ್ಲಿ. ಲ್ಯಾಟಿನ್ನಿನಲ್ಲಿ ಇದು ವಿಭಕ್ತಿ ಸೇರಿದ ರೂಪ. ನಾವು ಇಂದ, ಅಲ್ಲಿ ಅಂತ ಹಚ್ಚುತ್ತೇವಲ್ಲ, ಆ ಕೆಲಸವನ್ನು ಅವರು ಪದದ ಕೊನೆಯ ಸ್ವರದಲ್ಲೇ ಮುಗಿಸುತ್ತಾರೆ. ಅಂದರೆ 'ಮೊದಲ ಮುಖದಲ್ಲಿ', ಮೊದಲು ಕಂಡ ಚಹರೆಯಲ್ಲಿ. ಇದನ್ನು ನಮ್ಮವರು ಎರಡು ಬಗೆಯಲ್ಲಿ ಕನ್ನಡಕ್ಕೆ ತಂದರು. ಸಂಸ್ಕೃತ ಬಲ್ಲವರು 'ಪ್ರಥಮದೃಷ್ಟ್ಯಾ' ಅಂದರು. ಇದು ಒಂದು ಕಬ್ಬಿಣದ ಕಡಲೆ ಬಿಟ್ಟು ಇನ್ನೊಂದನ್ನು ಬಾಯಿಗೆ ಹಾಕಿಕೊಂಡ ಹಾಗೆ, ಅದನ್ನು ಬಿಡೋಣ. ಪೇಪರಿನವರು 'ಮೇಲ್ನೋಟಕ್ಕೆ' ಅಂದರು. ಒಳ್ಳೆಯ ಪದವೇ. ಆದರೆ ಆಡುಮಾತಿನಲ್ಲಿ ಅದಕ್ಕೆ ಒಂದು ಕೊಂಕು ಇದೆ. 'ಮೇಲ್ನೋಟಕ್ಕೆ ಸಾಧು ಥರ ಕಾಣ್ತಾನೆ' ಅಂದರೆ ಒಳಗೆ ಬೇರೆ ಅಂತಲೇ ಅರ್ಥ. ಪೇಪರಿನಲ್ಲಾದರೋ 'ಆರೋಪ ಮೇಲ್ನೋಟಕ್ಕೆ ಸಾಬೀತಾಗಿದೆ' ಅಂತ ಬರೆಯುತ್ತಾರೆ. ಇದು ನೇರ ವಿರೋಧಾಭಾಸ. ಸಾಬೀತಾದದ್ದು ಮೇಲ್ನೋಟದ್ದಲ್ಲ, ಮೇಲ್ನೋಟದ್ದು ಇನ್ನೂ ಸಾಬೀತಾಗಿಲ್ಲ. ಆದರೆ ದಿನಾ ಓದಿ ಓದಿ ಎರಡನೆಯ ಪದ ಮಾತ್ರ ನಮ್ಮ ತಲೆಯಲ್ಲಿ ಉಳಿಯುತ್ತದೆ. ನಾನು ಅಪ್ಪನಿಗೆ ಹೇಳಿದ್ದು ಆ ಪೇಪರಿನ ಕನ್ನಡ.

ಕೋರ್ಟುಗಳು ಹೇಳುವ ಅರ್ಥ ಇದಕ್ಕಿಂತ ಬಹಳ ಸಣ್ಣದು. 1992ರ ದಲ್ಪತ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ಪ್ರೈಮಾ ಫೇಸೀ ಕೇಸ್ ಬೇರೆ, ಪ್ರೈಮಾ ಫೇಸೀ ಹಕ್ಕು ಬೇರೆ, ಎರಡನ್ನೂ ಕಲಸಬೇಡಿ. ಹಕ್ಕು ಯಾರದು ಅನ್ನೋದು ಸಾಕ್ಷ್ಯ ನೋಡಿ ತೀರ್ಮಾನ ಆಗಬೇಕಾದ್ದು. ಈಗ ನೋಡುವುದು, ವಿಚಾರಣೆ ಮಾಡಲೇಬೇಕಾದಂಥ ಗಟ್ಟಿಯಾದ ಪ್ರಶ್ನೆಯೊಂದನ್ನು ಪ್ರಾಮಾಣಿಕವಾಗಿ ಎತ್ತಲಾಗಿದೆಯೇ ಅನ್ನೋದನ್ನು ಮಾತ್ರ. ಅದಕ್ಕೂ ಹಿಂದೆ 1958ರ ಮಾರ್ಟಿನ್ ಬರ್ನ್ ಪ್ರಕರಣದಲ್ಲಿ, ಕಾರ್ಮಿಕ ವ್ಯಾಜ್ಯವೊಂದರ ಸಂದರ್ಭದಲ್ಲಿ, ಅದೇ ಕೋರ್ಟ್ ಇನ್ನೊಂದು ದಾರಿಯಿಂದ ಹೇಳಿತ್ತು: ಕೊಟ್ಟ ಸಾಕ್ಷ್ಯವನ್ನು ನಂಬಿದರೆ ಕೇಸು ನಿಲ್ಲುತ್ತದೆ ಅನ್ನುವಂತಿದ್ದರೆ ಸಾಕು. ಅಲ್ಲಿ ಇರುವ 'ನಂಬಿದರೆ' ಅನ್ನುವ 'ರೆ' ಮುಖ್ಯ. ನಮ್ಮ ಕೆಲಸದ ಭಾಷೆಯಲ್ಲಿ ಹೇಳಬೇಕಂದ್ರೆ ಪ್ರೋಗ್ರಾಮ್ ಕಂಪೈಲ್ ಆಗಿದೆ, ಅಷ್ಟೇ. ಓಡಿಸಿದಾಗ ಸರಿಯಾದ ಉತ್ತರ ಕೊಡುತ್ತೋ ಇಲ್ಲವೋ ಯಾರೂ ಇನ್ನೂ ನೋಡಿಲ್ಲ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ಅದೇ ಪ್ರೈಮಾ ಫೇಸೀ 'ಸಾಕ್ಷ್ಯ' ಅನ್ನುವ ಪದದ ಹಿಂದೆ ಬಂದರೆ ಅರ್ಥ ಬದಲಾಗುತ್ತದೆ. ಹೊಲದ ಪಹಣಿ ಎಲ್ಲರಿಗೂ ಗೊತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಸೆಕ್ಷನ್ ಪ್ರಕಾರ ಪಹಣಿಯಲ್ಲಿ ಬರೆದದ್ದನ್ನು ಸುಳ್ಳು ಅಂತ ಸಾಬೀತಾಗುವವರೆಗೂ ನಿಜ ಅಂತಲೇ ಇಟ್ಟುಕೊಳ್ಳಬೇಕು. ಇಲ್ಲಿ ಹೊರೆ ಎದುರಾಳಿಯ ತಲೆಗೆ ಹೋಗುತ್ತದೆ, ಅವನು ಸುಮ್ಮನಿದ್ದರೆ ಪಹಣಿಯೇ ಗೆಲ್ಲುತ್ತದೆ. ತಡೆಯಾಜ್ಞೆಯ ಪ್ರೈಮಾ ಫೇಸೀ ಕೇಸ್ ಹಾಗಲ್ಲ. ಅಲ್ಲಿ ಹೊರೆ ವಾದಿಯ ತಲೆಯ ಮೇಲೇ ಇರುತ್ತದೆ, ಒಂದು ಗುಲಗಂಜಿಯಷ್ಟೂ ಇಳಿದಿರುವುದಿಲ್ಲ. ಊರಲ್ಲಿ ಪಹಣಿಯ ಜತೆ ಬದುಕಿದ ಅಪ್ಪನಂಥವರಿಗೆ ಎರಡಕ್ಕೂ 'ಮೇಲ್ನೋಟಕ್ಕೆ' ಅಂತ ಒಂದೇ ಪದ ಕೊಟ್ಟರೆ ಮೊದಲನೆಯ ಅರ್ಥವನ್ನೇ ಹಿಡಿದುಕೊಳ್ಳುತ್ತಾರೆ.

ಇನ್ನು ಎರಡನೆಯ ಮಾತು. ಪೇಟೆಯವರು ಕೋರ್ಟಿಗೆ ಕೊಟ್ಟ ಉತ್ತರದಲ್ಲಿ, ತಾವು 'ಬೋನಾ ಫೈಡ್ ಖರೀದಿದಾರರು' ಅಂತ ಮೂರು ನಾಲ್ಕು ಕಡೆ ಬರೆಸಿದ್ದರು. ನನಗೆ ಬೋನಾಫೈಡ್ ಅಂದರೆ ಕಾಲೇಜಿನ ಸರ್ಟಿಫಿಕೇಟು. ಬಸ್ ಪಾಸಿಗೆ, ಸ್ಕಾಲರ್‌ಶಿಪ್ಪಿಗೆ ಪ್ರತಿ ವರ್ಷ ಕ್ಯೂ ನಿಂತು ತಂದದ್ದು. ಇವನು ನಮ್ಮ ಕಾಲೇಜಿನ ಅಸಲಿ ವಿದ್ಯಾರ್ಥಿ ಅಂತ ಅದರರ್ಥ. ಹಾಗಾಗಿ 'ಅಸಲಿ ಖರೀದಿದಾರ' ಅಂತ ಓದಿಕೊಂಡೆ. ನೋಂದಣಿ ಆಗಿದೆ, ದುಡ್ಡು ಕೊಟ್ಟಿದ್ದಾರೆ, ಅಸಲಿಯೇ ಇರಬೇಕು ಅಂತ ಭಯವೂ ಆಯಿತು.

ಆದರೆ ಲ್ಯಾಟಿನ್ನಿನಲ್ಲಿ ಬೋನಾ ಫೈಡ್ ಅಂದರೆ 'ಒಳ್ಳೆಯ ನಂಬಿಕೆಯಿಂದ'. ಇಲ್ಲೂ ಅದೇ ವಿಭಕ್ತಿ. ಅಂದರೆ ಇದು ಖರೀದಿದಾರ ಎಂಥವನು ಅಂತ ಹೇಳುವ ಪದವಲ್ಲ, ಅವನು ಹೇಗೆ ಕೊಂಡ ಅಂತ ಹೇಳುವ ಪದ. ಕನ್ನಡದ 'ಇಂದ' ಅದನ್ನು ಕೂದಲೆಳೆ ತಪ್ಪದೆ ಹಿಡಿಯುತ್ತದೆ. ಅದನ್ನು ಬಿಟ್ಟು ನಾವು 'ನೈಜ', 'ಅಸಲಿ' ಅಂತ ವಿಶೇಷಣ ಮಾಡಿಕೊಂಡಿದ್ದೇವೆ. ಕಾನೂನು ಅನುವಾದಗಳಲ್ಲಿ ಬರುವ 'ಸದ್ಭಾವನೆ' ಅನ್ನೋದು ಇನ್ನೂ ದೂರ ಹೋಗುತ್ತದೆ. ಸದ್ಭಾವನೆ ಅಂದರೆ ನಮ್ಮ ಕಿವಿಗೆ ಮತ್ತೊಬ್ಬರ ಮೇಲಿನ ಒಳ್ಳೆಯ ಮನಸ್ಸು, ಸೌಹಾರ್ದ. ಸೈಟು ಕೊಳ್ಳುವವನಿಗೆ ಯಾರ ಮೇಲೆ ಸೌಹಾರ್ದ ಇರಬೇಕು?

ಇಲ್ಲಿ ಒಂದು ವಿಚಿತ್ರ ಇದೆ. ಅಪ್ಪನ ಕೇಸಿಗೆ ಹೊಂದುವುದು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 19(ಬಿ). ಅದನ್ನು ತೆಗೆದು ನೋಡಿದರೆ ಬೋನಾ ಫೈಡ್ ಅನ್ನುವ ಪದವೇ ಅಲ್ಲಿಲ್ಲ. ಇರುವುದು ಸರಳವಾದ ಇಂಗ್ಲಿಷ್: ಬೆಲೆ ಕೊಟ್ಟಿರಬೇಕು, ಒಳ್ಳೆಯ ನಂಬಿಕೆಯಿಂದ ಕೊಟ್ಟಿರಬೇಕು, ಮೊದಲಿನ ಕರಾರು ತಿಳಿಯದೆ ಕೊಟ್ಟಿರಬೇಕು. ಹಾಗೇ ತಡೆಯಾಜ್ಞೆಯ ಬಗ್ಗೆ ಹೇಳುವ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದ 1ನೇ ನಿಯಮದಲ್ಲಿ ಪ್ರೈಮಾ ಫೇಸೀ ಅನ್ನೋದೂ ಇಲ್ಲ. ಶಾಸನ ಬರೆದವರು ಇಂಗ್ಲಿಷಿನಲ್ಲೇ ಬರೆದರು. ಲ್ಯಾಟಿನ್ ಹಾಕಿದ್ದು ತೀರ್ಪು ಬರೆಯುವವರು, ಅರ್ಜಿ ಬರೆಯುವವರು. ನಾವು ಕನ್ನಡಕ್ಕೆ ತರುವಾಗ ಮೂಲದ ಸರಳ ಮಾತನ್ನು ಬಿಟ್ಟು ಮೇಲಿನ ಲ್ಯಾಟಿನ್ನನ್ನು ಅನುವಾದ ಮಾಡುತ್ತಾ ಕೂತಿದ್ದೇವೆ.

'ಒಳ್ಳೆಯ ನಂಬಿಕೆ' ಅಂದರೂ ಕೆಲಸ ಮುಗಿಯಲ್ಲ, ಯಾಕಂದ್ರೆ ನಮ್ಮ ಕಾನೂನಿನಲ್ಲಿ ಅದಕ್ಕೆ ಎರಡು ವ್ಯಾಖ್ಯಾನ ಇವೆ. 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ ಪ್ರಾಮಾಣಿಕವಾಗಿ ಮಾಡಿದ್ದರೆ ಸಾಕು, ಅಜಾಗರೂಕತೆ ಇದ್ದರೂ ಅದು ಒಳ್ಳೆಯ ನಂಬಿಕೆಯೇ. ಹಳೆಯ ಭಾರತೀಯ ದಂಡ ಸಂಹಿತೆಯ 52ನೇ ಸೆಕ್ಷನ್ ಇದಕ್ಕೆ ತದ್ವಿರುದ್ಧ: ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಒಳ್ಳೆಯ ನಂಬಿಕೆಯೇ ಅಲ್ಲ. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ, ವಾಯಿದೆಯ ಲೆಕ್ಕ ಹೇಳುವ 1963ರ ಲಿಮಿಟೇಷನ್ ಕಾಯ್ದೆಯಲ್ಲೂ ಈ ಎರಡನೆಯ ಅರ್ಥವೇ ಇದೆ. ಒಂದೇ ಹೆಸರಿನ ವೇರಿಯಬಲ್, ಎರಡು ಫೈಲಿನಲ್ಲಿ ಎರಡು ಬೆಲೆ. ಯಾವ ಫೈಲಿನಲ್ಲಿದ್ದೀವಿ ಅಂತ ನೋಡದೆ ಓದಿದವನು ಕೆಡುತ್ತಾನೆ.

ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಒಳ್ಳೆಯ ನಂಬಿಕೆಗೆ ಬೇರೆ ವ್ಯಾಖ್ಯಾನ ಇಲ್ಲ, ಹಾಗಾಗಿ ಜನರಲ್ ಕ್ಲಾಸಸ್ ಕಾಯ್ದೆಯ ಉದಾರ ಅರ್ಥ ಅನ್ವಯಿಸಬೇಕು. ಹಾಗಾದರೆ ಪೇಟೆಯವರು, ನನಗೆ ಗೊತ್ತಿರಲಿಲ್ಲ, ವಿಚಾರಿಸದಿದ್ದದ್ದು ನನ್ನ ಅಜಾಗರೂಕತೆ, ಆದರೂ ನಾನು ಪ್ರಾಮಾಣಿಕ ಅಂತ ಹೇಳಿ ಪಾರಾಗಬಹುದಲ್ಲ? ಇಲ್ಲ. ಅದೇ 19(ಬಿ)ಯಲ್ಲಿ 'ತಿಳಿಯದೆ' ಅನ್ನುವ ಮಾತೂ ಇದೆ. ಎಚ್ಚರ ತಪ್ಪಿದವನು ಸಿಕ್ಕಿಬೀಳುವುದು ಅಲ್ಲಿ. ಸ್ವತ್ತು ವರ್ಗಾವಣೆ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ವಿಚಾರಿಸಬೇಕಾದ್ದನ್ನು ಬೇಕೆಂದೇ ವಿಚಾರಿಸದೆ ಬಿಟ್ಟವನಿಗೂ, ಭಾರಿ ಅಜಾಗರೂಕತೆ ತೋರಿದವನಿಗೂ ವಿಷಯ ತಿಳಿದಿತ್ತು ಅಂತಲೇ ಲೆಕ್ಕ. ಅದರ ಎರಡನೆಯ ವಿವರಣೆ ಇನ್ನೂ ನೇರ: ಜಾಗದಲ್ಲಿ ಆಗ ಯಾರು ನಿಜವಾಗಿ ಸ್ವಾಧೀನದಲ್ಲಿದ್ದಾರೋ ಅವರಿಗಿರುವ ಹಕ್ಕು ಕೊಳ್ಳುವವನಿಗೆ ತಿಳಿದಿದೆ ಅಂತ ಇಟ್ಟುಕೊಳ್ಳಬೇಕು.

2000ದಲ್ಲಿ ರಾಮ್ ನಿವಾಸ್ ಮತ್ತು ಬಾನೊ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎದುರಿಗೆ ಹೆಚ್ಚುಕಡಿಮೆ ನಮ್ಮಂಥದೇ ಸಂಗತಿ ಬಂದಿತ್ತು. ಬಾಡಿಗೆಗಿದ್ದವನೇ ಕೊಳ್ಳಲು ಕರಾರು ಮಾಡಿಕೊಂಡಿದ್ದ, ಮಾಲೀಕರು ಬೇರೆಯವರಿಗೆ ಮಾರಿದರು. ಒಳಗಿರುವವನು ಬಾಡಿಗೆಯವನು ಅಂತ ಗೊತ್ತಿದ್ದರೆ ಸಾಲದು, ಅವನಿಗೆ ಬೇರೆ ಯಾವ ಹಕ್ಕಿದೆ ಅಂತ ಅವನನ್ನೇ ಕೇಳಬೇಕಿತ್ತು ಅನ್ನುವುದು ಅಲ್ಲಿ ಬಂದ ತೀರ್ಮಾನದ ಸಾರ.

ಪಾಟೀಸವಾಲಿನ ದಿನ ನಾನು ರಜೆ ಹಾಕಿ ಹೋಗಿದ್ದೆ. ಪೇಟೆಯವರು ಇಸಿ ತೆಗೆಸಿ ನೋಡಿದ್ದೆ, ಅದರಲ್ಲಿ ಏನೂ ಇರಲಿಲ್ಲ ಅಂದರು. ನಿಜ, ನೋಂದಣಿ ಆಗದ ಕರಾರು ಇಸಿಯಲ್ಲಿ ಬರಲ್ಲ. ನಮ್ಮ ವಕೀಲರು ಕೇಳಿದ್ದು ಬೇರೆ. "ಕೊಳ್ಳೋಕೆ ಮುಂಚೆ ಜಾಗ ನೋಡಿದ್ರಾ?" "ನೋಡಿದ್ದೆ." "ಅಲ್ಲೇನಿತ್ತು?" "ಒಂದು ಕೊಟ್ಟಿಗೆ, ಹುಲ್ಲಿನ ಬಣವೆ." "ಯಾರ್ದು ಅಂತ ಕೇಳಿದ್ರಾ?" ಅವರು ಸ್ವಲ್ಪ ತಡೆದು, "ಮಾಲೀಕರು ಪಕ್ಕದ ಮನೆಯವರ್ದು, ತೆಗೆಸಿಕೊಡ್ತೀನಿ ಅಂದ್ರು" ಅಂದರು. "ಪಕ್ಕದ ಮನೆಯವರನ್ನ ಕೇಳಿದ್ರಾ?" "ಇಲ್ಲ." ಅವರ ಬೋನಾ ಫೈಡ್ ಅಲ್ಲಿಗೆ ಮುಗಿಯಿತು. ಆ ಮನುಷ್ಯ ಮೋಸಗಾರ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ಕಾನೂನು ಕೇಳಿದ ಪ್ರಶ್ನೆ ಅವರು ಎಂಥವರು ಅಂತಲ್ಲ. ಬಣವೆ ಕಂಡ ಮೇಲೆ ಹತ್ತು ಹೆಜ್ಜೆ ನಡೆದು ನಮ್ಮ ಬಾಗಿಲು ತಟ್ಟಿದರಾ ಅಂತ.

ಅವರ ಕಡೆಯ ವಕೀಲರ ಸರದಿ ಬಂತು. ಅವರು ಕರಾರಿನ ಬಗ್ಗೆ, ಕೊಟ್ಟಿಗೆ ಬಗ್ಗೆ ಏನೂ ಕೇಳಲಿಲ್ಲ. "ಯಜಮಾನ್ರೇ, ಬಾಕಿ ಮೂರೂವರೆ ಲಕ್ಷ ಕೊಡೋಕೆ ನೀವು ಯಾವಾಗ್ಲೂ ತಯಾರಿದ್ರಾ?" ಅಂದರು. "ಇದ್ದೆ ಸ್ವಾಮಿ." "ದುಡ್ಡು ಎಲ್ಲಿತ್ತು?" "ಬ್ಯಾಂಕಲ್ಲಿತ್ತು." ಪಾಸ್‌ಬುಕ್ ಬಂತು. ತಡೆಯಾಜ್ಞೆ ಸಿಕ್ಕ ಮೂರನೇ ತಿಂಗಳು ದುಡ್ಡು ಪೂರ್ತಿ ತೆಗೆದಿತ್ತು. ಆಮೇಲೆ ಹನ್ನೊಂದು ಸಾವಿರ ದಾಟಿದ್ದೇ ಇಲ್ಲ. ಅದು ತಂಗಿ ಮದುವೆಗೆ ಹೋಗಿತ್ತು. ಕೇಸು ಗೆದ್ದ ಹಾಗೇ ಅಲ್ಲವಾ, ತೀರ್ಪು ಬರೋ ಹೊತ್ತಿಗೆ ಹೊಂದಿಸಿದರಾಯಿತು ಅಂತ ಅಪ್ಪ ಅಂದುಕೊಂಡಿದ್ದರು.

ಅದೇ ನಿರ್ದಿಷ್ಟ ಪರಿಹಾರ ಕಾಯ್ದೆಯ 16(ಸಿ) ಪ್ರಕಾರ ಕರಾರು ನಡೆಸಿಕೊಡಿ ಅಂತ ಕೇಳುವವನು ತನ್ನ ಪಾಲಿನದನ್ನು ಮಾಡಲು ಮೊದಲಿನಿಂದ ಕೊನೆಯವರೆಗೂ ಸಿದ್ಧನಿದ್ದೆ, ಮನಸ್ಸೂ ಇತ್ತು ಅಂತ ತೋರಿಸಬೇಕು. ನೋಟು ಕೈಯಲ್ಲಿ ಹಿಡಿದೇ ಕೂತಿರಬೇಕು ಅಂತಿಲ್ಲ, ಕೋರ್ಟ್ ಹೇಳದ ಹೊರತು ಠೇವಣಿಯೂ ಇಡಬೇಕಿಲ್ಲ. ಆದರೆ ಬೇಕೆಂದಾಗ ಹೊಂದಿಸುವ ಶಕ್ತಿ ಇತ್ತು ಅಂತ ಏನಾದರೂ ಆಧಾರ ಬೇಕು. ನನ್ನ ಸಂಬಳದ ಚೀಟಿ, ಬ್ಯಾಂಕಿನ ಸಾಲದ ಪತ್ರ, ಯಾವುದನ್ನಾದರೂ ಹಾಜರುಪಡಿಸಬಹುದಿತ್ತು. ಯಾರೂ ಯೋಚಿಸಿರಲಿಲ್ಲ. ಗೆದ್ದವರು ಯಾಕೆ ಯೋಚಿಸುತ್ತಾರೆ? 2019ರಲ್ಲಿ ತೀರ್ಪು ಬಂತು. ಕರಾರು ನಿಜ ಅಂತು. ಪೇಟೆಯವರು ತಿಳಿಯದೆ ಕೊಂಡವರಲ್ಲ ಅಂತು. ಆದರೆ ವಾದಿ ತನ್ನ ಸಿದ್ಧತೆ ತೋರಿಸಿಲ್ಲ, ಆದ್ದರಿಂದ ಕ್ರಯ ಮಾಡಿಸಿಕೊಡಲಾಗದು, ಮುಂಗಡದ ಒಂದೂವರೆ ಲಕ್ಷ ಬಡ್ಡಿ ಸಮೇತ ವಾಪಸು ಕೊಡತಕ್ಕದ್ದು ಅಂತು. ಅಪೀಲಿಗೆ ಹೋಗೋಣ ಅಂದೆ. "ಸಾಕ್ ಬಿಡ್ಲಾ" ಅಂದರು ಅಪ್ಪ.

ಆ ರಾತ್ರಿ ಫೋನಲ್ಲಿ ಹಳೆಯ ಆದೇಶ ಹುಡುಕಿ ಪೂರ್ತಿ ಓದಿದೆ. ಕೊನೆಯ ಪ್ಯಾರಾದಲ್ಲಿ, ಇಲ್ಲಿ ಹೇಳಿದ ಯಾವ ಮಾತೂ ಮುಖ್ಯ ದಾವೆಯ ತೀರ್ಮಾನದ ಮೇಲೆ ಪರಿಣಾಮ ಬೀರತಕ್ಕದ್ದಲ್ಲ ಅಂತ ಸ್ಪಷ್ಟವಾಗಿತ್ತು. ಅವತ್ತು ಅದು ಕಣ್ಣಿಗೆ ಬಿದ್ದಿತ್ತು. ಸಾಫ್ಟ್‌ವೇರ್ ಹಾಕುವಾಗ ಷರತ್ತುಗಳ ಪುಟ ಓದದೆ ಒಪ್ಪಿದೆ ಅಂತ ಒತ್ತುತ್ತೀವಲ್ಲ, ಹಾಗೆ ದಾಟಿಕೊಂಡು ಹೋಗಿದ್ದೆ.

ತಪ್ಪು ಪೂರ್ತಿ ಲ್ಯಾಟಿನ್ನಿನದು ಅಂತ ನಾನು ಹೇಳಲ್ಲ. ಪರಿಣತರ ನಡುವೆ ಅದು ಒಳ್ಳೆಯ ಅಡ್ಡದಾರಿ. ಒಬ್ಬ ವಕೀಲ ಪ್ರೈಮಾ ಫೇಸೀ ಅಂದರೆ ಇನ್ನೊಬ್ಬ ವಕೀಲನಿಗೆ ಎಪ್ಪತ್ತು ವರ್ಷದ ತೀರ್ಪುಗಳು ನೆನಪಾಗುತ್ತವೆ. ನನ್ನ ತಕರಾರು, ಅದು ಆ ಕೋಣೆ ದಾಟಿ ಕಕ್ಷಿದಾರನ ಕೈಗೆ ಬರುವಾಗಿನ ರೂಪದ ಮೇಲೆ. ಲ್ಯಾಟಿನ್ನಿಗೆ ಒಂದು ಕನ್ನಡ ಪದ ಹುಡುಕಿ ಅದರ ಜಾಗದಲ್ಲಿ ಕೂರಿಸಿದರೆ ಅನುವಾದ ಆಯಿತು ಅಂತ ತಿಳಿದಿದ್ದೇವೆ. ಇಂಗ್ಲೆಂಡಿನವರು ಹಾಗೆ ಮಾಡಲಿಲ್ಲ. 1975ರಲ್ಲಿ ಅಮೆರಿಕನ್ ಸಯನಮಿಡ್ ಪ್ರಕರಣದಲ್ಲಿ ಅವರ ಹೌಸ್ ಆಫ್ ಲಾರ್ಡ್ಸ್, ತಡೆಯಾಜ್ಞೆಗೆ ಪ್ರೈಮಾ ಫೇಸೀ ಕೇಸ್ ತೋರಿಸಬೇಕೆಂಬ ಅಳತೆಯನ್ನೇ ಬಿಟ್ಟು, ವಿಚಾರಣೆಗೆ ತಕ್ಕ ಗಂಭೀರವಾದ ಪ್ರಶ್ನೆ ಇದ್ದರೆ ಸಾಕು ಅಂದಿತು. 1999ರಲ್ಲಿ ಜಾರಿಗೆ ಬಂದ ಅವರ ಸಿವಿಲ್ ನಿಯಮಗಳು ಇನ್ನೂ ಹಲವು ಲ್ಯಾಟಿನ್ ಮಾತುಗಳನ್ನು ಕೈಬಿಟ್ಟವು. ನಮ್ಮಲ್ಲೂ ದಲ್ಪತ್ ಕುಮಾರ್ ತೀರ್ಪು ಬಿಡಿಸಿ ಹೇಳಿರುವುದು ಹೆಚ್ಚುಕಡಿಮೆ ಅದನ್ನೇ. ಹೆಸರು ಮಾತ್ರ ಹಳೆಯದು ಉಳಿಯಿತು.

ಹಾಗಾಗಿ 'ಮೇಲ್ನೋಟಕ್ಕೆ' ಸರಿಯೋ 'ಪ್ರಥಮದೃಷ್ಟ್ಯಾ' ಸರಿಯೋ ಅನ್ನುವ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಪದಕ್ಕೆ ಪದ ಬೇಡ, ವಾಕ್ಯ ಬರೆಯಿರಿ. 'ವಾದಿ ಹೇಳುವುದು ನಿಜವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ. ಆದರೆ ವಿಚಾರಣೆ ನಡೆಸಬೇಕಾದಷ್ಟು ಹುರುಳು ಅದರಲ್ಲಿದೆ. ಅಲ್ಲಿಯವರೆಗೆ ಜಾಗ ಇದ್ದ ಹಾಗೇ ಇರಲಿ.' ಹಾಗೇ ಬೋನಾ ಫೈಡ್ ಖರೀದಿದಾರ ಅನ್ನೋ ಬದಲು, 'ಮೊದಲಿನ ಕರಾರು ತಿಳಿಯದೆ, ವಿಚಾರಿಸಬೇಕಾದ್ದನ್ನು ವಿಚಾರಿಸಿ, ಬೆಲೆ ಕೊಟ್ಟು ಪ್ರಾಮಾಣಿಕವಾಗಿ ಕೊಂಡವನು.' ಉದ್ದ ಆಯಿತು, ನಿಜ. ಆದರೆ ಇದರಲ್ಲಿ ಪ್ರತಿ ತುಂಡಿಗೂ ಸಾಕ್ಷಿ ಬೇಕು ಅನ್ನುವುದು ಓದಿದವನಿಗೆ ತಾನಾಗಿ ತಿಳಿಯುತ್ತದೆ.

ಕಳೆದ ವರ್ಷ ಊರಿನ ಒಬ್ಬರು ಅಂಥದೇ ಒಂದು ಆದೇಶ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಪ್ರೈಮಾ ಫೇಸೀ ಅಂತ ಇದ್ದ ಸಾಲಿನ ಕೆಳಗೆ ಅವರ ಮಗ ಪೆನ್ನಲ್ಲಿ ಗೆರೆ ಎಳೆದಿದ್ದ. ನಾನು ಓದಿ ಹೇಳುವುದಕ್ಕೆ ಮುಂಚೆ ಜಗಲಿಯಲ್ಲಿ ಕೂತಿದ್ದ ಅಪ್ಪನೇ ಕೇಳಿದರು: "ಬಾಕಿ ದುಡ್ ಎಲ್ಲಿಟ್ಟಿದ್ದೀಯಪ್ಪ?"